ಅಜ್ಜಿಯ ಸಾವೋ, ಅವ್ವನ ಜಗಳವೋ, ಊರು ಬಿಟ್ಟದ್ದೋ: ನಾಲ್ಕನೇ ಸೆಷನ್‌ನಲ್ಲಿ ಯಾವುದನ್ನು ಹಿಡಿಯುವುದು?

ಪ್ರಶ್ನೆ: ನಾನು ಕಲಬುರಗಿಯಲ್ಲಿ ತರಬೇತಿಯಲ್ಲಿರುವ ಥೆರಪಿಸ್ಟ್. ಐಪಿಟಿ, ಅಂದರೆ ಹತ್ತಿರದವರ ಜೊತೆಗಿನ ಸಂಬಂಧಗಳ ಮೇಲೆ ಕೆಲಸ ಮಾಡಿ ಖಿನ್ನತೆ ಇಳಿಸುವ ಮಾತಿನ ಚಿಕಿತ್ಸೆಯ ಪದ್ಧತಿಯಲ್ಲಿ ಇದು ನನ್ನ ಮೊದಲ ಕೇಸು. ಹುಡುಗಿಗೆ 16 ವರ್ಷ, ಯಾದಗಿರಿ ಕಡೆಯ ಹಳ್ಳಿಯವಳು. ತಂದೆ-ತಾಯಿ ಪುಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದರು. ಒಂಬತ್ತು ವರ್ಷ ಅಜ್ಜಿಯೇ ಸಾಕಿದ್ದಾಳೆ. ಅಜ್ಜಿ ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡಳು. ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಶೇ. 81 ತೆಗೆದಳು. ಈ ಜೂನ್‌ನಲ್ಲಿ ತಾಯಿ ವಾಪಸ್ ಬಂದು ಇಲ್ಲಿ ಬಾಡಿಗೆ ಮನೆ ಮಾಡಿ, ಸೈನ್ಸ್‌ಗೆ ಹಚ್ಚಿದ್ದಾರೆ. ಆಗಸ್ಟ್‌ನಿಂದ ನಿದ್ದೆಯಿಲ್ಲ, ಊಟ ಸೇರಲ್ಲ, ಕಾಲೇಜಿನಲ್ಲಿ ಗೆಳತಿಯರಿಲ್ಲ, ಮನೆಯಲ್ಲಿ ದಿನಾ ಮೊಬೈಲ್ ವಿಷಯಕ್ಕೆ ಜಗಳ. ತಾಯಿ "ಸೊಕ್ಕು ಬಂದದ" ಅಂತಾರೆ. ದೀಪಾವಳಿಗೆ ತಾಯಿಯ ಜೊತೆ ಊರಿಗೆ ಹೋದಾಗ ಐದು ದಿನ ಚೆನ್ನಾಗಿ ಮಲಗಿದಳಂತೆ. ಮೊನ್ನೆ ತಾಯಿ ತೊಗರಿ ರಾಶಿಗೆ ಹೋಗಿ ಒಂದು ವಾರ ಇರಲಿಲ್ಲ, ಚಿಕ್ಕಮ್ಮ ಬಂದಿದ್ದರು. ಆಗ ಜಗಳ ಇರಲಿಲ್ಲ, ಆದರೂ ಚೇತರಿಕೆಯಿಲ್ಲ. ಐಪಿಟಿಯಲ್ಲಿ ಆರಿಸಿಕೊಳ್ಳಬೇಕಾದ ನಾಲ್ಕೂ ಸಮಸ್ಯಾ ಕ್ಷೇತ್ರಗಳು, ಅಂದರೆ ಅಗಲಿಕೆಯ ದುಃಖ, ಸಂಬಂಧದ ತಿಕ್ಕಾಟ, ಒಡನಾಟದ ಕೊರತೆ, ಪಾತ್ರ ಬದಲಾವಣೆ, ನನಗೆ ಇವಳಲ್ಲೇ ಕಾಣುತ್ತಿವೆ. ಮುಂದಿನದು ನಾಲ್ಕನೇ ಸೆಷನ್, ಚಿಕಿತ್ಸಾ ಒಪ್ಪಂದ ಆಗಬೇಕು. ಅದರ ಮಾತೆತ್ತಿದ ಕೂಡಲೇ ತಾಯಿ "ಕಾಗದಕ್ಕೆ ಸಹಿ ಯಾಕ್ರೀ ಮೇಡಂ, ಕೋರ್ಟಿನ ಕೆಲಸನಾ?" ಅಂದರು. ಯಾವ ಕ್ಷೇತ್ರ ಹಿಡಿಯಲಿ, ಒಪ್ಪಂದ ಹೇಗೆ ಮಾಡಲಿ?

ಉತ್ತರ: ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ದೀಪಾವಳಿಯ ಐದು ದಿನ ಮತ್ತು ರಾಶಿಯ ಒಂದು ವಾರ. ಬಹಳ ಮಂದಿ ಟ್ರೈನಿಗಳು ಇಂಥದ್ದನ್ನು ಕೇಳುವುದೇ ಇಲ್ಲ, ನೀವು ಕೇಳಿ ಬರೆದುಕೊಂಡಿದ್ದೀರಿ. ಅದರ ಹತ್ತಿರ ಆಮೇಲೆ ಬರುತ್ತೇನೆ. ಮೊದಲು ಒಂದು ಮಾತು ಖಾತ್ರಿ ಮಾಡಿಕೊಳ್ಳಿ. ಸಾಯುವ ಯೋಚನೆ ಬರುತ್ತದೆಯೇ ಎಂದು ಅವಳನ್ನು ಒಬ್ಬಳನ್ನೇ ಕೂರಿಸಿ, ನೇರವಾಗಿ, ಆ ಶಬ್ದಗಳಲ್ಲೇ ಕೇಳಿದ್ದೀರಾ? ಕೇಳಿದರೆ ಯೋಚನೆ ತಲೆಗೆ ಹೊಕ್ಕೀತು ಎಂಬುದು ನಮ್ಮ ಸಿಬ್ಬಂದಿಯಲ್ಲೂ ಇರುವ ತಪ್ಪು ನಂಬಿಕೆ. ಕೇಳಿದರೆ ಮಕ್ಕಳಿಗೆ ಹಗುರಾಗುತ್ತದೆ. ಯೋಚನೆಯ ಜೊತೆ ಹೇಗೆ, ಯಾವಾಗ ಎಂಬ ಯೋಜನೆಯೂ ಇದ್ದರೆ ಐಪಿಟಿಯನ್ನು ಅಲ್ಲಿಗೇ ನಿಲ್ಲಿಸಿ, ಅದೇ ದಿನ ಮನೋವೈದ್ಯರಿಗೆ ತೋರಿಸಬೇಕು. ಬೇಸಾಯದ ಮನೆತನವಾದ್ದರಿಂದ ತೊಗರಿಗೆ ಹೊಡೆಯುವ ಎಣ್ಣೆಯ ಡಬ್ಬಿ ಎಲ್ಲಿದೆ ಎಂದೂ ಕೇಳಿ. ಊರ ಮನೆಯಲ್ಲಿದ್ದರೂ ಕೇಳಿ, ಅವಳು ಅಲ್ಲಿಗೆ ಹೋಗಿ ಬರುತ್ತಾಳಲ್ಲ.

ಕ್ಷೇತ್ರ ಆರಿಸುವಾಗ ನಾವು ಹುಡುಕುವುದು ಖಿನ್ನತೆಗೆ "ಕಾರಣ" ಅಲ್ಲ. ಖಿನ್ನತೆಗೆ ಮೈಯ ಪಾಲಿದೆ, ವಂಶದ ಪಾಲಿದೆ, ಬೆಳೆದ ಪರಿಸ್ಥಿತಿಯ ಪಾಲಿದೆ. ಗೆರಾಲ್ಡ್ ಕ್ಲೆರ್ಮನ್ ಮತ್ತು ಮೈರ್ನಾ ವೈಸ್‌ಮನ್ 1970ರ ದಶಕದಲ್ಲಿ ದೊಡ್ಡವರಿಗೆಂದು ಈ ಚಿಕಿತ್ಸೆಯನ್ನು ರೂಪಿಸಿದಾಗಲೂ ಅವರು ಹೇಳಿದ್ದು ಇಷ್ಟೇ: ಕಾರಣ ಏನೇ ಇರಲಿ, ಖಿನ್ನತೆ ಶುರುವಾಗುವುದು ಸಂಬಂಧಗಳ ನಡುವೆ. ಸಂಬಂಧ ಕೆಟ್ಟರೆ ಮನಸ್ಸು ಕುಸಿಯುತ್ತದೆ. ಮನಸ್ಸು ಕುಸಿದವರ ಜೊತೆ ಇರುವುದು ಕಷ್ಟವಾಗಿ ಸಂಬಂಧ ಇನ್ನಷ್ಟು ಕೆಡುತ್ತದೆ. ಈ ಸುತ್ತನ್ನು ಒಂದು ಕಡೆ ತುಂಡು ಮಾಡಿದರೆ ಸಾಕು. ಹದಿಹರೆಯದವರಿಗೆ ಹೊಂದುವಂತೆ ಇದನ್ನು ಮಾರ್ಪಡಿಸಿದವರು ಲಾರಾ ಮಫ್ಸನ್. ಅವರ ತಂಡ ನ್ಯೂಯಾರ್ಕಿನ ಶಾಲೆಗಳಲ್ಲಿರುವ ಕ್ಲಿನಿಕ್‌ಗಳಲ್ಲಿ 63 ಮಕ್ಕಳೊಡನೆ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲ್ಲಿ ಮಾಮೂಲಾಗಿ ಸಿಗುವ ಸಮಾಲೋಚನೆಗಿಂತ ಇದು ಹೆಚ್ಚು ಫಲ ಕೊಟ್ಟಿತು. ಹಾಗಾಗಿ ನಿಮ್ಮ ಮುಂದಿರುವ ಪ್ರಶ್ನೆ, "ಸುತ್ತನ್ನು ಎಲ್ಲಿ ತುಂಡು ಮಾಡುವುದು ಸುಲಭ?" ಎಂಬುದು. ಯಾರ ತಪ್ಪು ಎಂಬುದಲ್ಲ.

ಈಗ ನಾಲ್ಕು ಕ್ಷೇತ್ರಗಳನ್ನು ಈ ಹುಡುಗಿಗೆ ಹಚ್ಚಿ ನೋಡೋಣ.

ಅಗಲಿಕೆಯ ದುಃಖ ಎಂಬ ಕ್ಷೇತ್ರ ನಿಜವಾದ ಸಾವಿಗೆ ಮಾತ್ರ. ಗೆಳೆಯ ಬಿಟ್ಟು ಹೋದ, ಊರು ಬಿಟ್ಟೆವು, ಇವು ಇದರಲ್ಲಿ ಬರುವುದಿಲ್ಲ. ಇನ್ನು, ಮನೆಯಲ್ಲಿ ಸಾವಾದ ಮಾತ್ರಕ್ಕೆ ಇದೇ ಕ್ಷೇತ್ರ ಆಗಲೂಬೇಕಿಲ್ಲ. ನೋಡಬೇಕಾದದ್ದು, ಸಾವಿನ ನಂತರ ಅಳು ಎಲ್ಲೋ ಸಿಕ್ಕಿಕೊಂಡಿತೇ ಎಂಬುದು. ಬೀದರ್ ಕಡೆಯ ಒಬ್ಬ ಹುಡುಗ ನನ್ನ ಮುಂದೆ, ಯಾರು ಎಷ್ಟು ಹತ್ತಿರ ಎಂದು ತೋರಿಸುವ ಸಂಬಂಧದ ವೃತ್ತ ಬರೆಯುವಾಗ, ಮೂರು ವರ್ಷದ ಹಿಂದೆ ತೀರಿದ ಅಣ್ಣನ ಹೆಸರನ್ನು ನಡುವಿನ ವೃತ್ತದಲ್ಲಿ ತನ್ನ ಹೆಸರಿಗೆ ಹತ್ತಿಸಿ ಬರೆದ. ಬೇರೆ ಯಾರನ್ನೂ ಒಳಗೆ ಬಿಡಲಿಲ್ಲ. ಅಪ್ಪ, ಅವ್ವ, ದೋಸ್ತರು ಎಲ್ಲ ಹೊರಗಿನ ವೃತ್ತದಲ್ಲಿ. ಅಣ್ಣನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇತ್ತು. ಅದು ಈ ಕ್ಷೇತ್ರ. ನಿಮ್ಮ ಹುಡುಗಿ ಅಜ್ಜಿ ಹೋದಾಗ ಅತ್ತಳು, ಶಾಲೆಗೆ ಹೋದಳು, ಪರೀಕ್ಷೆ ಬರೆದು ಶೇ. 81 ತೆಗೆದಳು. ಸಾವಿಗೂ ಲಕ್ಷಣಗಳಿಗೂ ನಡುವೆ ಹೆಚ್ಚುಕಡಿಮೆ ಒಂದು ವರ್ಷ ಆರೋಗ್ಯವಾಗಿದ್ದಳು. ದುಃಖ ಇದೆ, ಆದರೆ ಖಿನ್ನತೆ ಅಲ್ಲಿಂದ ಶುರುವಾದಂತೆ ಕಾಣುವುದಿಲ್ಲ.

ಎರಡನೆಯದು ಸಂಬಂಧದ ತಿಕ್ಕಾಟ. ಇಬ್ಬರು ಒಬ್ಬರಿಂದೊಬ್ಬರು ಬೇರೆ ಬೇರೆಯದನ್ನು ನಿರೀಕ್ಷಿಸಿ, ಎರಡೂ ಕಡೆಯವರು ಬಿಟ್ಟುಕೊಡದೆ ಇರುವುದು. ದಿನಾ ಜಗಳ ಎಂದು ಕೇಳಿದರೆ ಯಾರಿಗೂ ಮೊದಲು ಹೊಳೆಯುವುದು ಇದೇ. ಹದಿಹರೆಯದವರಲ್ಲಿ ಬಹಳ ಕಾಣುವುದೂ ಇದೇ. ನಾನು ಇದರಲ್ಲೇ ಎಡವಿದ್ದೇನೆ. ಕೆಲಸ ಶುರುಮಾಡಿದ ಎರಡನೇ ವರ್ಷ, ಅಪ್ಪ-ಮಗನ ಜಗಳ ಕಂಡು ತಿಕ್ಕಾಟ ಎಂದು ಬರೆದು, ಐದು ವಾರ ಇಬ್ಬರ ನಡುವೆ ಪಂಚರ ಹಾಗೆ ಕೂತಿದ್ದೆ. ಈ ವಾರ ಅಪ್ಪನ ತಪ್ಪು, ಮುಂದಿನ ವಾರ ಮಗನದು. ಜಗಳ ಕಮ್ಮಿ ಆಯಿತು, ಹುಡುಗನ ಮನಸ್ಸು ಏಳಲಿಲ್ಲ. ಆರನೇ ವಾರ ತಿಳಿಯಿತು, ಅವನು ಹಾಸ್ಟೆಲ್ ಬಿಡಿಸಿದ ದಿನದಿಂದ ಕುಸಿದವನು. ಜಗಳ ಅದರ ಹೊಗೆ ಅಷ್ಟೇ ಆಗಿತ್ತು. ಅಂದಿನಿಂದ ಒಂದು ಪರೀಕ್ಷೆ ಮಾಡುತ್ತೇನೆ: ಜಗಳದ ಎದುರಾಳಿ ಕಣ್ಣೆದುರು ಇಲ್ಲದ ದಿನಗಳಲ್ಲಿ ಮಗು ಹೇಗಿತ್ತು?

ಇಲ್ಲಿಗೆ ನಿಮ್ಮ ರಾಶಿಯ ವಾರ ಬಂತು. ತಾಯಿ ಇರಲಿಲ್ಲ, ಜಗಳ ಇರಲಿಲ್ಲ, ನಿದ್ದೆಯೂ ಬರಲಿಲ್ಲ. ದೀಪಾವಳಿಯಲ್ಲಿ ತಾಯಿ ಜೊತೆಗೇ ಇದ್ದರು, ಆದರೆ ಜಾಗ ಬೇರೆ, ನಿದ್ದೆ ಬಂತು. ಇವಳ ಮನಸ್ಸು ತಾಯಿಯ ಹಿಂದೆ ಹೋಗುತ್ತಿಲ್ಲ, ಊರಿನ ಹಿಂದೆ ಹೋಗುತ್ತಿದೆ. ಎರಡೇ ಸಂದರ್ಭದಿಂದ ತೀರ್ಪು ಕೊಡಬಾರದು, ಆದರೆ ನಾಲ್ಕನೇ ಸೆಷನ್‌ನಲ್ಲಿ ಅವಳ ಮುಂದಿಟ್ಟು ಕೇಳುವಷ್ಟು ಗಟ್ಟಿಯಾದ ಸುಳಿವು ಇದು.

ಒಡನಾಟದ ಕೊರತೆಯನ್ನು ಬೇಗ ಮುಗಿಸುತ್ತೇನೆ. ಗೆಳೆತನ ಮಾಡುವುದೇ ಮೊದಲಿನಿಂದಲೂ ಬಾರದ, ಒಂಟಿಯಾಗಿಯೇ ಬೆಳೆದ ಮಕ್ಕಳಿಗೆ ಇದು. ಊರ ಶಾಲೆಯಲ್ಲಿ ಗೆಳತಿಯರಿದ್ದರೇ ಎಂದು ಕೇಳಿ. ಇದ್ದರು ಎಂದಾದರೆ ಇದಲ್ಲ, ಏಕೆಂದರೆ ಬರುತ್ತಿದ್ದ ವಿದ್ಯೆ ಹೊಸ ಜಾಗದಲ್ಲಿ ನಿಂತುಹೋಗಿದೆ. ಬೇರೆ ಮೂರೂ ಹೊಂದದಿದ್ದಾಗ ಮಾತ್ರ ಇದನ್ನು ತೆಗೆದುಕೊಳ್ಳಿ. ಖಿನ್ನತೆಯಲ್ಲಿರುವ ಮಗುವಿಗೆ "ನಿನಗೆ ಮಂದಿ ಜೊತೆ ಬೆರೆಯಲು ಬರಲ್ಲ" ಎಂದು ಹಣೆಪಟ್ಟಿ ಕಟ್ಟಿದರೆ, ಅವಳು ತನ್ನ ಬಗ್ಗೆ ಆಗಲೇ ನಂಬಿದ್ದನ್ನು ನಾವೂ ಮೊಹರು ಒತ್ತಿ ಕೊಟ್ಟಂತಾಗುತ್ತದೆ.

ಉಳಿದದ್ದು ಪಾತ್ರ ಬದಲಾವಣೆ, ಅಂದರೆ ಬದುಕಿನಲ್ಲಿ ಹಳೆಯ ಜಾಗ ಬಿಟ್ಟು ಹೊಸದಕ್ಕೆ ಬರಬೇಕಾದದ್ದು, ಮತ್ತು ನನ್ನ ಅಭಿಪ್ರಾಯದಲ್ಲಿ ನೀವು ಹಿಡಿಯಬೇಕಾದದ್ದು ಅದನ್ನೇ. ಜೂನ್‌ನಲ್ಲಿ ಎಷ್ಟು ಬದಲಾಯಿತು ನೋಡಿ. ಆಯಿಯ ಮೊಮ್ಮಗಳಾಗಿದ್ದವಳು ಅವ್ವನ ಮಗಳಾಗಬೇಕಾಯಿತು. ಅವ್ವ ಎಂದರೆ ಇಷ್ಟು ವರ್ಷ ಹಬ್ಬಕ್ಕೆ ಬಂದು ಹೋಗುವ ಮನುಷ್ಯಳು. ಊರ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮುಂದಿನ ಬೆಂಚಿನಲ್ಲಿದ್ದವಳಾದರೆ, ಇಲ್ಲಿ ಫಿಸಿಕ್ಸ್ ಪಾಠ ಇಂಗ್ಲಿಷಿನಲ್ಲಿ ಕೇಳುತ್ತಾ ಹಿಂದಿನ ಬೆಂಚಿಗೆ ಸರಿದಿರುತ್ತಾಳೆ (ಯಾವ ಮಾಧ್ಯಮ ಎಂದು ನೀವು ಬರೆದಿಲ್ಲ, ಕೇಳಿ. ನಮ್ಮ ಭಾಗದ ಪಿಯುಸಿ ಮಕ್ಕಳಲ್ಲಿ ಆಗಸ್ಟ್-ಸೆಪ್ಟೆಂಬರ್‌ನ ಕುಸಿತಕ್ಕೆ ಇದೊಂದೇ ಸಾಕಾಗಿದ್ದನ್ನು ನಾನು ಕಂಡಿದ್ದೇನೆ). ತಾಯಿಗೂ ಇದು ಬದಲಾವಣೆಯೇ. ಆರೇಳು ವರ್ಷದ ಕೂಸನ್ನು ಬಿಟ್ಟು ಹೋದವರು, ಹದಿನಾರರ ಹುಡುಗಿಯನ್ನು ಸಾಕಲು ಬಂದಿದ್ದಾರೆ. ನಡುವಿನ ವರ್ಷಗಳ ಅಭ್ಯಾಸ ಅವರಿಗಿಲ್ಲ. "ಸೊಕ್ಕು" ಎಂಬ ಮಾತು ಬರುವುದು ಅಲ್ಲಿಂದ.

ಹಳೆಯ ಕೈಪಿಡಿ ಸಿಕ್ಕಿದ್ದರೆ ಅದರಲ್ಲಿ ಒಬ್ಬರೇ ಪಾಲಕರಿರುವ ಕುಟುಂಬ ಎಂಬ ಐದನೇ ಕ್ಷೇತ್ರ ಕಾಣಬಹುದು. ಈಗ ಅದನ್ನೂ ಪಾತ್ರ ಬದಲಾವಣೆಯೊಳಗೇ ಸೇರಿಸಿ ನೋಡುತ್ತಾರೆ. ತಂದೆ ಪುಣೆಯಲ್ಲೇ ಇರುವುದರಿಂದ ಅದೂ ನಿಮಗೆ ಉಪಯೋಗಕ್ಕೆ ಬರುತ್ತದೆ.

ಈ ಆಯ್ಕೆಯಲ್ಲೂ ಅಪಾಯ ಇದೆ. "ಹೊಸ ಊರಿಗೆ ಹೊಂದಿಕೊ" ಎಂದು ಬುದ್ಧಿ ಹೇಳುವ ಕೆಲಸಕ್ಕೆ ಇಳಿದರೆ ಅಲ್ಲಿಗೆ ಚಿಕಿತ್ಸೆ ಕೆಟ್ಟಿತು. ಪಾತ್ರ ಬದಲಾವಣೆಯ ಮೊದಲ ಕೆಲಸವೇ ಹಳೆಯದಕ್ಕೆ ಅಳಲು ಬಿಡುವುದು. ಆಯಿಯ ಒಲೆ, ಶಾಲೆಯ ದಾರಿ, ಅಲ್ಲಿ ಅವಳಿಗಿದ್ದ ಹೆಸರು, ಎಲ್ಲವನ್ನೂ ಹೇಳಿಸಬೇಕು. ಅಲ್ಲಿ ಇಷ್ಟವಿಲ್ಲದ್ದೇನಿತ್ತು, ಇಲ್ಲಿ ಒಂದಾದರೂ ಹಿತವಾದದ್ದೇನು ಎಂದು ನಿಧಾನವಾಗಿ ಕೇಳಬೇಕು. ಅಜ್ಜಿಯ ದುಃಖಕ್ಕೆ ಇಲ್ಲೇ ಜಾಗ ಸಿಗುತ್ತದೆ. ಮೊಬೈಲ್ ಜಗಳವೂ ಇದರೊಳಗೇ ಬರುತ್ತದೆ. ಅದನ್ನು ಬಿಡಿಸಿ ನೋಡುವಾಗ, ಯಾರು ಏನು ಅಂದರು, ಆಮೇಲೆ ನೀನೇನಂದೆ, ಆಗ ನಿನಗೆ ಏನನಿಸಿತು ಎಂದು ಒಂದೊಂದೇ ಮಾತು ತೆಗೆಸಿ. ತುಂಬ ಸಲ ಮೊಬೈಲ್ ಹಿಡಿದದ್ದು ಊರ ಗೆಳತಿಗೆ ಮೆಸೇಜ್ ಹಾಕಲು ಎಂದು ಆಗ ಹೊರಬರುತ್ತದೆ. ತಾಯಿಗೆ ಅದು ಗೊತ್ತೇ ಇರುವುದಿಲ್ಲ.

ಎರಡು ಕ್ಷೇತ್ರ ಇಟ್ಟುಕೊಳ್ಳಬಹುದೇ ಎಂದರೆ, ನಿಯಮದಲ್ಲಿ ಅಡ್ಡಿಯಿಲ್ಲ. ಆದರೆ ಒಟ್ಟು 12 ಸೆಷನ್ ಮಾತ್ರ. ನಾಲ್ಕು ಮುಗಿಯುತ್ತಾ ಬಂತು, ಕೊನೆಯ ಮೂರು-ನಾಲ್ಕು ಬೀಳ್ಕೊಡಲು ಬೇಕು. ನಡುವೆ ಉಳಿಯುವ ನಾಲ್ಕೈದರಲ್ಲಿ ಎರಡನ್ನು ಎಳೆದರೆ ಎರಡೂ ಅರ್ಧ ಆಗುತ್ತವೆ. ಮೊದಲ ಕೇಸಿಗೆ ಒಂದೇ ಇರಲಿ.

ಇನ್ನು ಒಪ್ಪಂದ. ತಾಯಿಯ ಭಯ ನ್ಯಾಯವಾದದ್ದು. ಕಾಗದ, ಸಹಿ ಅಂದರೆ ನಮ್ಮ ಜನಕ್ಕೆ ಸಾಲ ಇಲ್ಲವೇ ಕೋರ್ಟು. 18 ತುಂಬದ ಮಗುವಿನ ಚಿಕಿತ್ಸೆಗೆ ಪಾಲಕರ ಒಪ್ಪಿಗೆ ಪತ್ರ ಬೇಕು, ಅದು ಬೇರೆ. ಅದನ್ನು ಮೊದಲ ದಿನವೇ ನೀವು ತೆಗೆದುಕೊಂಡಿರಬೇಕು. ನಾಲ್ಕನೇ ಸೆಷನ್‌ನ ಒಪ್ಪಂದ ಬಾಯಿಮಾತಿನದು. ಯಾವ ಕಷ್ಟದ ಮೇಲೆ ಕೆಲಸ ಮಾಡುತ್ತೇವೆ, ಎಷ್ಟು ದಿನ, ಯಾರು ಏನು ಮಾಡಬೇಕು ಎಂದು ಮೂವರೂ ಕೂತು ಮಾತಾಡಿಕೊಳ್ಳುವುದು. ಸಹಿ ಕಡ್ಡಾಯವಲ್ಲ. ನಿಮ್ಮ ಫೈಲಿಗೆ ಒಂದು ಪುಟ ಬರೆದಿಟ್ಟುಕೊಳ್ಳಿ, ಹುಡುಗಿಗೆ ದಿನಾಂಕಗಳ ಚೀಟಿ ಕೊಡಿ. ಮೊದಲ ಅರ್ಧ ಗಂಟೆ ಹುಡುಗಿ ಒಬ್ಬಳ ಜೊತೆ, ಕೊನೆಯ ಹದಿನೈದು ನಿಮಿಷ ತಾಯಿಯನ್ನೂ ಕರೆದು. ಮಾದರಿಗೆ ನಾನು ಹೇಳುವ ಧಾಟಿಯಲ್ಲೇ ಕೊಡುತ್ತೇನೆ, ನಿಮ್ಮ ಬಾಯಿಗೆ ಹೊಂದಿಸಿಕೊಳ್ಳಿ.

ಹುಡುಗಿಗೆ:

> "ಮೂರು ವಾರ ನೀ ಹೇಳಿದ್ದು ಕೇಳೀನವ್ವ. ನಿನಗ ಆಗಿದ್ದಕ್ಕ ಖಿನ್ನತಿ ಅಂತಾರ. ಅದೊಂದು ಕಾಯಿಲೆ, ಸೊಕ್ಕಲ್ಲ, ಸೋಮಾರಿತನ ಅಲ್ಲ. ನನಗ ಕಂಡಿದ್ದು ಹೇಳ್ತೀನಿ, ತಪ್ಪಿದ್ರ ತಿದ್ದು. ಆಯಿ ಹೋದಾಗ ದುಃಖ ಆಯ್ತು, ಆದ್ರ ನೀ ನಡಕೊಂಡು ಹೋದಿ. ಜೂನ್‌ದಾಗ ಊರು, ಸಾಲಿ, ಗೆಳತ್ಯಾರು, ಮನಿ ಎಲ್ಲಾ ಒಮ್ಮೆಲೇ ಬದಲಾತು. ಹೊಸದಾಗಿ ಅವ್ವನ ಜೋಡಿ ಇರೋದು ಕಲೀಬೇಕಾತು. ಅಲ್ಲಿಂದ ನಿನ್ನ ಮನಸ್ಸು ಕುಸದದ ಅಂತ ನನಗ ಅನಸ್ತದ. ನಿನಗೇನ ಅನಸ್ತದ?"

> "ಹಂಗಿದ್ರ ಇನ್ನ ಎಂಟು ವಾರ, ವಾರಕ್ಕೊಮ್ಮೆ, ಮುಕ್ಕಾಲು ತಾಸು ಇದರ ಮ್ಯಾಲ ಕೆಲಸ ಮಾಡೋಣು. ಪ್ರತಿ ಸಲ ಬಂದಾಗ ಮನಸ್ಸು ಹ್ಯಾಂಗದ ಅಂತ ಒಂದರಿಂದ ಹತ್ತರೊಳಗ ಒಂದು ಅಂಕಿ ಹೇಳು. ಹತ್ತಂದ್ರ ಭಾಳ ಖರಾಬ್. ಆ ವಾರದಾಗ ಯಾರ ಜೋಡಿ ಏನಾತು ಅಂತ ಹೇಳು. ಇಲ್ಲಿ ಮಾತಾಡಿದ್ದನ್ನ ಮನ್ಯಾಗ ಒಂದು ಸಲರೆ ಮಾಡಿ ನೋಡು. ಕಾಲೇಜಿಗೆ ಹೋಗೋದು ಬಿಡಬ್ಯಾಡ. ಮಾರ್ಕ್ಸ್ ಸದ್ಯ ಕಮ್ಮಿ ಬಂದ್ರ ಬರಲಿ. ಬರಲಿಕ್ಕ ಆಗದಿದ್ರ ಫೋನ್ ಮಾಡು, ಬ್ಯಾರೆ ದಿನ ಕೊಡ್ತೀನಿ."

> "ನೀ ಹೇಳಿದ್ದು ನಾ ಅವ್ವಗ ಹೇಳಂಗಿಲ್ಲ. ಆದ್ರ ನಿನ್ನ ಜೀವಕ್ಕ ಅಪಾಯ ಅದ ಅನಿಸಿದ್ರ, ನಿನಗ ಯಾರರೆ ಕೆಟ್ಟದ್ದು ಮಾಡ್ಯಾರ ಅಂತ ಗೊತ್ತಾದ್ರ, ಸುಮ್ಮನಿರಲಿಕ್ಕ ನನಗ ಬರಂಗಿಲ್ಲ. ಯಾರಿಗೆ ಹೇಳಬೇಕಂತ ಮೊದಲ ನಿನಗೇ ಹೇಳಿ, ಆಮೇಲೆ ಹೇಳ್ತೀನಿ."

ತಾಯಿಗೆ:

> "ಅಕ್ಕಾರೆ, ಇದು ಕೋರ್ಟಿನ ಕಾಗದ ಅಲ್ಲ, ನಮ್ಮ ನಮ್ಮೊಳಗಿನ ಮಾತು. ಆಕಿಗೆ ಕಾಯಿಲೆ ಅದ. ಜ್ವರ ಬಂದ ಮಗಳಿಗೆ ಯಾಕ ಓಡಲ್ಲ ಅಂತ ಬೈತೀರೇನು? ಎಂಟು ವಾರ ಬೈಗುಳ ಕಮ್ಮಿ ಮಾಡ್ರಿ. ಆದ್ರ ಕಾಲೇಜು, ಮನಿ ಸಣ್ಣ ಕೆಲಸ ಬಿಡಿಸಬ್ಯಾಡ್ರಿ. ನೀವು ಎರಡು ಸಲ ನಮ್ಮ ಜೋಡಿ ಕೂಡಬೇಕು, ಯಾವಾಗಂತ ಆಕಿನೇ ಹೇಳ್ತಾಳ. ಆಕಿ ಏನು ಹೇಳಿದ್ಲು ಅಂತ ನನ್ನ ಕೇಳಬ್ಯಾಡ್ರಿ. ಅಪಾಯ ಇದ್ರ ನಾನೇ ಹೇಳ್ತೀನಿ. ಅಪ್ಪಾರು ಐತವಾರ ಫೋನ್ ಮಾಡಿದಾಗ ಓದಿನ ಮಾತು ಬಿಟ್ಟು ಐದು ನಿಮಿಷ ಬ್ಯಾರೆ ಮಾತಾಡಲಿ."

ಇದರಲ್ಲಿ ಎರಡು ಕಡೆ ವಿವರಣೆ ಬೇಕು. "ಕಾಯಿಲೆ" ಎಂದು ಹೆಸರಿಟ್ಟದ್ದು ಬೈಗುಳ ತಡೆಯಲು. ದೊಡ್ಡವರ ಐಪಿಟಿಯಲ್ಲಿ ರೋಗಿಗೆ ಒಂದಿಷ್ಟು ರಿಯಾಯಿತಿ ಕೊಡುತ್ತೇವೆ, ಆದರೆ ಮಕ್ಕಳಲ್ಲಿ ಅದು ಸೀಮಿತ. ಕಾಲೇಜು ಬಿಟ್ಟು ಮನೆಯಲ್ಲಿ ಮಲಗಿದರೆ ಸಂಬಂಧಗಳು ಇನ್ನೂ ಕಡಿದು ಹೋಗುತ್ತವೆ, ಖಿನ್ನತೆ ಬೆಳೆಯುತ್ತದೆ. ತಾಯಂದಿರು ಒಮ್ಮೆ ಕಾಯಿಲೆ ಎಂದು ಒಪ್ಪಿದರೆ, ಮರುದಿನವೇ ಟಿಸಿ ತೆಗೆಸಿ ಊರಿಗೆ ಕಳಿಸುವ ಯೋಚನೆ ಮಾಡುತ್ತಾರೆ. ಅದನ್ನು ಅಲ್ಲೇ ತಡೆಯಬೇಕು.

ಇನ್ನೊಂದು, ಗುಟ್ಟಿನ ಮಿತಿ. ಲೈಂಗಿಕ ದೌರ್ಜನ್ಯದ ಮಾಹಿತಿ ಸಿಕ್ಕರೆ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ನಿಮಗೂ ಕಡ್ಡಾಯ. 18ರೊಳಗೆ ಮದುವೆ ಗೊತ್ತು ಮಾಡುತ್ತಿದ್ದಾರೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಬೇಕಾದೀತು. ಇದನ್ನು ಮೊದಲೇ ಹೇಳಿರದಿದ್ದರೆ, ಹೇಳಬೇಕಾದ ದಿನ ನೀವು ಅವಳ ಕಣ್ಣಲ್ಲಿ ದ್ರೋಹಿಯಾಗುತ್ತೀರಿ. ರಾತ್ರಿ ಹೊತ್ತು ಅವಳಿಗೆ ತಡೆಯಲಾರದಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ಆ ಸಂಖ್ಯೆ ದಿನಾಂಕದ ಚೀಟಿಯ ಹಿಂದೆ ಬರೆದಿರಲಿ.

ಹೇಳಿಕೊಡುವ ಮಾತಿನ ರೀತಿಯಲ್ಲೂ ಎಚ್ಚರ ಬೇಕು. ಪುಸ್ತಕದಲ್ಲಿ "ನನಗೆ ಹೀಗನಿಸುತ್ತದೆ" ಎಂದು ಆರಂಭಿಸಿ ಮಾತಾಡಲು ಕಲಿಸಿ ಎಂದಿರುತ್ತದೆ. ಅದನ್ನು ಹಾಗೇ ಕಲಿಸಿ ಕಳಿಸಿದರೆ ನಮ್ಮ ಮನೆಗಳಲ್ಲಿ "ದೊಡ್ಡವರಿಗೆ ಎದುರು ಮಾತಾಡ್ತಾಳ" ಎಂದು ಇನ್ನೊಂದು ಏಟು ಬೀಳುತ್ತದೆ. ಅವ್ವ ಕೆಲಸ ಮುಗಿಸಿ, ಚಹಾ ಕುಡಿದು ಕೂತಾಗ, "ಅವ್ವಾ, ನೀ ಹಂಗ ಅಂದ್ರ ನನ್ನ ಜೀವಕ್ಕ ಕಸಿವಿಸಿ ಆಗ್ತದ" ಎಂದು ಹೇಳುವುದನ್ನು ನಿಮ್ಮ ಮುಂದೆ ಎರಡು-ಮೂರು ಸಲ ಆಡಿಸಿ. ನೀವು ತಾಯಿಯ ಪಾತ್ರ ಮಾಡಿ, ಆಮೇಲೆ ಅವಳೇ ತಾಯಿಯಾಗಲಿ. ತಾಯಿಯಾಗಿ ಮಾತಾಡುವಾಗ ಮಕ್ಕಳು ಅನೇಕ ಸಲ ಅಳುತ್ತಾರೆ. ಆಗ ಅವಸರ ಮಾಡಬೇಡಿ.

ಅಂಕಿಯನ್ನು ಪ್ರತಿವಾರ ಬರೆದಿಡಿ. ನಾಲ್ಕನೇ ವಾರಕ್ಕೆ ಒಂದಿಷ್ಟೂ ಇಳಿಯದಿದ್ದರೆ ಸೂಪರ್‌ವೈಸರ್ ಜೊತೆ ಆಗಲೇ ಮಾತಾಡಿ, 12 ಮುಗಿಯಲಿ ಎಂದು ಕಾಯಬೇಡಿ. ವಾರಕ್ಕೆ ಎರಡು ಸಲ ನೋಡಬಹುದು, ಮನೋವೈದ್ಯರ ಹತ್ತಿರ ಕಳಿಸಿ ಔಷಧಿಯ ವಿಚಾರ ಕೇಳಬಹುದು. ಮಾತ್ರೆ ಶುರುವಾದರೆ ಐಪಿಟಿ ಸೋತಿತೆಂದಲ್ಲ, ಎರಡೂ ಜೊತೆಗೇ ನಡೆಯುತ್ತವೆ. ಆದರೆ ಮಾತ್ರೆಯ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಾಗುತ್ತಿದೆಯೇ ಎಂದು ಹತ್ತಿರದಿಂದ ನೋಡಬೇಕು. ಎಲ್ಲಕ್ಕೂ ಮೊದಲು, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಹುರುಪಿನಲ್ಲಿದ್ದ ಕಾಲ ಹಿಂದೆ ಇತ್ತೇ, ಕಿವಿಯಲ್ಲಿ ಮಾತು ಕೇಳುತ್ತದೆಯೇ ಎಂದು ಕೇಳಿರಬೇಕು. ಇದ್ದರೆ ದಾರಿಯೇ ಬೇರೆ.

ಆರನೇ, ಏಳನೇ ವಾರದಲ್ಲಿ ಅಜ್ಜಿಯ ಸಾವಿನ ಅಳು ಒಮ್ಮೆಲೇ ಕಟ್ಟೆಯೊಡೆದರೆ ಕ್ಷೇತ್ರ ತಪ್ಪಾಯಿತೆಂದು ಗಾಬರಿಯಾಗಬೇಡಿ. ಹಳೆಯ ಪಾತ್ರಕ್ಕೆ ಅಳುವಾಗ ಅದರ ನಡುವೆ ಇದ್ದವಳಿಗೂ ಅಳಬೇಕಲ್ಲ. ಆದರೆ ಎರಡು-ಮೂರು ಸೆಷನ್ ಬರೀ ಆಯಿಯ ಸುತ್ತಲೇ ತಿರುಗಿ, ಮನಸ್ಸಿನ ಅಂಕಿಯೂ ಅದರ ಜೊತೆಗೇ ಏರಿಳಿಯುತ್ತಿದ್ದರೆ, ಮತ್ತೆ ಅವಳೊಡನೆ ಕೂತು "ನಾವು ಹಿಡಿದದ್ದನ್ನು ಬದಲಿಸೋಣವೇ?" ಎಂದು ಕೇಳಿ ಒಪ್ಪಂದವನ್ನು ತಿದ್ದಿ. ಅವಳಿಗೆ ಹೇಳದೆ ನೀವೇ ಒಳಗೊಳಗೆ ಬದಲಿಸಬೇಡಿ.

ಕೊನೆಗೆ, ನಾಲ್ಕನೇ ಸೆಷನ್‌ನಲ್ಲಿ ತಾಯಿಯನ್ನು ಕರೆಯುವ ಮೊದಲು ಐದು ನಿಮಿಷ ಉಳಿಸಿಕೊಂಡು, "ಎಂಟು ವಾರ ನಾವು ಯಾವುದರ ಮೇಲೆ ಕೆಲಸ ಮಾಡ್ತೀವಿ, ನಿನ್ನ ಮಾತಿನಲ್ಲಿ ಹೇಳು" ಎನ್ನಿ. "ಅವ್ವನ ಮನ್ಯಾಗ ನಾ ಯಾರು ಅಂತ ತಿಳೀಲಾರದ್ದು" ಎಂದೋ, "ಊರು ಬಿಟ್ಟು ಬಂದದ್ದು" ಎಂದೋ, ಏನೋ ಒಂದು ಅವಳದೇ ಮಾತು ಬಂದರೆ ಒಪ್ಪಂದ ಆಯಿತು. ಅದನ್ನೇ ಫೈಲಿನಲ್ಲಿ ಬರೆದುಕೊಳ್ಳಿ, ನಿಮ್ಮ ತಾಂತ್ರಿಕ ಪದ ಅದರ ಕೆಳಗೆ ಸಣ್ಣದಾಗಿ ಇರಲಿ. "ನೀವು ಹೇಳಿದಂಗ ಮೇಡಂ" ಎಂದರೆ ಇನ್ನೂ ಆಗಿಲ್ಲ. ತಾಯಿಯನ್ನು ಒಳಗೆ ಕರೆಯಬೇಡಿ, ಐದನೇ ಸೆಷನ್‌ನ ಮೊದಲ ಅರ್ಧ ಗಂಟೆಯನ್ನು ಮತ್ತೆ ಇದಕ್ಕೇ ಕೊಡಿ.